ನಾಲ್ಕು ವರ್ಷ ಲೈಟ್ ಆ್ಯಪ್ ಬಳಸಿದ ಮೇಲೆ: ಫೋನಿನ ಭಾರ ಎಲ್ಲಿಗೆ ಹೋಯಿತು?

ಅಮ್ಮನಿಗೆ 2021ರಲ್ಲಿ ಒಂದು ಅಗ್ಗದ ಫೋನ್ ಕೊಡಿಸಿದೆ. 2 ಜಿಬಿ ರ‍್ಯಾಮ್, 32 ಜಿಬಿ ಜಾಗ, ಕಡಿಮೆ ರ‍್ಯಾಮ್ ಫೋನಿಗೆಂದೇ ಮಾಡಿದ ಆಂಡ್ರಾಯ್ಡ್ 10ರ ಗೋ ಆವೃತ್ತಿ. ಮನೆ ಇರುವುದು ಕೊಪ್ಪದಿಂದ ಒಳಗೆ, ತೋಟದ ನಡುವೆ. ಜಗಲಿಯ ಒಂದು ಮೂಲೆಯಲ್ಲಿ ಎರಡು ಕಡ್ಡಿ ಸಿಗ್ನಲ್ ಬರುತ್ತದೆ, ಅಡುಗೆಮನೆಯಲ್ಲಿ ಸೊನ್ನೆ. ಮಳೆಗಾಲದಲ್ಲಿ ಕರೆಂಟ್ ಹೋದರೆ ಸ್ವಲ್ಪ ಹೊತ್ತಿಗೆ ಟವರೂ ಮಲಗುತ್ತದೆ. ಇಂಥ ಜಾಗಕ್ಕೆ, ಇಂಥ ಫೋನಿಗೆ ದೊಡ್ಡ ಆ್ಯಪ್‌ಗಳ ಹಗುರ ರೂಪವಾದ ಲೈಟ್ ಆ್ಯಪ್‌ಗಳೇ ಸರಿ ಅಂದುಕೊಂಡು ಸಾಲಾಗಿ ಹಾಕಿಕೊಟ್ಟೆ. ಊರಿಗೆ ಹೋದಾಗಲೆಲ್ಲ ನನ್ನ ಸಿಮ್‌ಗೆ ಅಲ್ಲಿ ಜೀವ ಇರುವುದಿಲ್ಲ, ಹಾಗಾಗಿ ನಾನೂ ಅದೇ ಫೋನ್ ಬಳಸುತ್ತೇನೆ.

ನಾಲ್ಕು ವರ್ಷದಲ್ಲಿ ಅರ್ಥವಾದದ್ದು ಇಷ್ಟು. ಫೋನ್ ಸಣ್ಣದಾಗಿರುವುದು ಒಂದು ತೊಂದರೆ, ನೆಟ್ ನಿಧಾನವಾಗಿರುವುದು ಇನ್ನೊಂದು, ನೆಟ್ಟೇ ಇಲ್ಲದಿರುವುದು ಮೂರನೆಯದು. ಲೈಟ್ ಅಂದ ತಕ್ಷಣ ಮೂರಕ್ಕೂ ಒಂದೇ ಮದ್ದು ಅಂದುಕೊಳ್ಳುತ್ತೇವೆ. ಮೊದಲನೆಯದಕ್ಕೆ ಅದು ಚೆನ್ನಾಗಿ ನಾಟುತ್ತದೆ. ಎರಡನೆಯದಕ್ಕೆ ಅರ್ಧಂಬರ್ಧ. ಮೂರನೆಯದಕ್ಕೆ ಎಷ್ಟೋ ಸಲ ದೊಡ್ಡ ಆ್ಯಪೇ ವಾಸಿ.

ಫೇಸ್‌ಬುಕ್ ಲೈಟ್ ತೆಗೆದುಕೊಳ್ಳಿ. 2015ರಲ್ಲಿ ಬಂದಾಗ ಅದರ ಗಾತ್ರ 1 ಎಂಬಿಗಿಂತ ಕಡಿಮೆ ಇತ್ತು. ಅಷ್ಟು ಚಿಕ್ಕದಾಗಿದ್ದು ಹೇಗೆ ಅಂದರೆ, ಆ್ಯಪಿನ ಬುದ್ಧಿಯೆಲ್ಲ ಫೋನಿನಲ್ಲಿಲ್ಲ, ಸರ್ವರ್‌ನಲ್ಲಿದೆ. ಯಾವ ಪರದೆಯಲ್ಲಿ ಯಾವ ಬಟನ್ ಎಲ್ಲಿರಬೇಕು ಅನ್ನುವುದನ್ನು ಸರ್ವರ್ ತೀರ್ಮಾನಿಸಿ ಕಳಿಸುತ್ತದೆ. ಫೋನ್ ಅದನ್ನು ತೋರಿಸುತ್ತದೆ, ನಾವು ಎಲ್ಲಿ ಒತ್ತಿದೆವು ಅಂತ ವಾಪಸ್ ಹೇಳುತ್ತದೆ. ಫೋಟೊಗಳನ್ನೂ ಸಣ್ಣ ಪರದೆಗೆ ಬೇಕಾದಷ್ಟೇ ಕುಗ್ಗಿಸಿ ಕಳಿಸುತ್ತದೆ. ಅಮ್ಮ ಮೊದಲ ವಾರವೇ ಕೇಳಿದ್ದಳು, "ಇದೇನೋ, ಎಲ್ಲರ ಮುಖವೂ ಮಬ್ಬು ಮಬ್ಬು?" ಕನ್ನಡಕ ಬದಲಿಸಬೇಕಾಯಿತೇನೋ ಅಂತ ಅವಳಿಗೆ ಅನುಮಾನ. ಒಂದು ಫೋಟೊವನ್ನು ಬೆರಳಲ್ಲಿ ಹಿಗ್ಗಿಸಿ ತೋರಿಸಿದೆ. ಹಿಗ್ಗಿತು, ಆದರೆ ಹೊಸದೇನೂ ಕಾಣಲಿಲ್ಲ. ಬಂದಿರುವುದೇ ಅಷ್ಟು ಚುಕ್ಕೆ.

ಈ ವ್ಯವಸ್ಥೆಯಿಂದ ಸಣ್ಣ ಫೋನಿಗೆ ಭಾರಿ ಲಾಭ. ಆ್ಯಪ್ ತೆರೆದ ಮೇಲೂ ಫೋನ್ ಉಸಿರಾಡುತ್ತದೆ, ಹಿಂದೆ ತೆರೆದಿದ್ದ ವಾಟ್ಸ್ಆ್ಯಪ್ ಮುಚ್ಚಿಹೋಗುವುದಿಲ್ಲ. ನಷ್ಟ ಎಲ್ಲಿ ಅಂದರೆ, ಒಂದೊಂದು ಒತ್ತಿಗೂ ಸರ್ವರ್‌ವರೆಗೆ ಹೋಗಿ ಬರಬೇಕು. ನೆಟ್ ನಿಧಾನವಾಗಿದ್ದರೂ ಕಡಿಯದೆ ಹರಿಯುತ್ತಿದ್ದರೆ ಪರವಾಗಿಲ್ಲ. ಬಂದು ಹೋಗಿ ಬಂದು ಹೋಗಿ ಮಾಡುವ ನೆಟ್ ಆದರೆ ಗೋಲ ತಿರುಗುವುದನ್ನೇ ನೋಡುತ್ತಾ ಕೂರಬೇಕು.

ಇನ್ನೊಂದು ಮಾತು. 2015ರ ಲೈಟ್‌ನಲ್ಲಿ ವಿಡಿಯೊ ಇರಲಿಲ್ಲ. ಡೇಟಾ ಉಳಿಯುತ್ತಿದ್ದದ್ದು ಮುಖ್ಯವಾಗಿ ಅದರಿಂದಲೇ ಅಲ್ವಾ? ಆಮೇಲೆ ವಿಡಿಯೊ ಬಂತು, ರೀಲ್ಸೂ ಬಂತು. ಈಗ ಅದು ಜಾಗದಲ್ಲಿ ಲೈಟ್, ಖರ್ಚಿನಲ್ಲಿ ಅಷ್ಟೇನೂ ಅಲ್ಲ. ಒಳಗೆ ಹೋಗಿ ಡೇಟಾ ಉಳಿಸುವ ಆಯ್ಕೆ ಒತ್ತದಿದ್ದರೆ ಸುಮ್ನೆ ಮೇಲೆ ತಳ್ಳುತ್ತಾ ಹೋದರೂ ಎಂಬಿ ಕರಗುತ್ತದೆ.

ಸರ್ವರ್ ಕೈಲಿ ಕೆಲಸ ಮಾಡಿಸುವುದು ಹೊಸ ಉಪಾಯವಲ್ಲ. ಹಳೆಯ ಜಾವಾ ಫೋನಿನಲ್ಲಿ ಒಪೆರಾ ಮಿನಿ ಬ್ರೌಸರ್ ಬಳಸಿದವರಿಗೆ ನೆನಪಿರಬಹುದು. ಕನ್ನಡದ ಪುಟ ತೆರೆದರೆ ಬರೀ ಚೌಕ ಚೌಕ ಕಾಣುತ್ತಿತ್ತು. ಆಗ ವಿಳಾಸದ ಜಾಗದಲ್ಲಿ ಇದನ್ನು ಟೈಪ್ ಮಾಡುತ್ತಿದ್ದೆವು:

```
opera:config
```

ಅಲ್ಲಿ ಕೆಳಗೆ ಹೋಗಿ Use bitmap fonts for complex scripts ಅನ್ನುವುದಕ್ಕೆ Yes ಕೊಟ್ಟರೆ ಕನ್ನಡ ಮೂಡುತ್ತಿತ್ತು. ಫೋನಿಗೆ ಕನ್ನಡ ಬರುತ್ತಲೇ ಇರಲಿಲ್ಲ. ಸರ್ವರ್ ಅಕ್ಷರಗಳನ್ನು ಚಿತ್ರ ಮಾಡಿ ಕಳಿಸುತ್ತಿತ್ತು. ಅದಕ್ಕೆ ಡೇಟಾ ಸ್ವಲ್ಪ ಜಾಸ್ತಿ ಹೋಗುತ್ತಿತ್ತು, ಆದರೆ ಓದಲು ಸಿಗುತ್ತಿತ್ತಲ್ಲ!

ಅದೇ ಒಪೆರಾ ಮಿನಿ ಇವತ್ತಿಗೂ ಅಮ್ಮನ ಫೋನಿನಲ್ಲಿದೆ. ಅದರ ಬೆಲೆ ಗೊತ್ತಾಗುವುದು ದಿನದ ಡೇಟಾ ಮುಗಿದ ಮೇಲೆ. ನಮ್ಮ ಪ್ಲಾನ್‌ನಲ್ಲಿ ಕೋಟಾ ಮುಗಿದರೆ ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಎಂಟು ಬಿಟ್‌ಗೆ ಒಂದು ಬೈಟ್, ಅಂದರೆ ಸೆಕೆಂಡಿಗೆ ಹೆಚ್ಚೆಂದರೆ 8 ಕೆಬಿ. ಒಂದು ಎಂಬಿ ಬರಲು ಎರಡು ನಿಮಿಷಕ್ಕೂ ಮೇಲೆ ಬೇಕು. ಒಂದು ಸುದ್ದಿ ಪುಟ ಚಿತ್ರ, ಜಾಹೀರಾತು ಎಲ್ಲ ಸೇರಿ 3 ಎಂಬಿ ಇದೆ ಅಂದುಕೊಳ್ಳಿ. ಮಾಮೂಲಿ ಬ್ರೌಸರ್‌ನಲ್ಲಿ ಆರು ನಿಮಿಷ, ಅಷ್ಟರಲ್ಲಿ ಯಾರಿಗೂ ತಾಳ್ಮೆ ಉಳಿಯುವುದಿಲ್ಲ. ಮಿನಿಯ ಎಕ್ಸ್‌ಟ್ರೀಮ್ ಮೋಡ್ ಅದನ್ನು ಸರ್ವರ್‌ನಲ್ಲೇ ಹಿಂಡಿ ಹತ್ತನೇ ಒಂದು ಭಾಗಕ್ಕೆ ತಂದರೆ ಮುಕ್ಕಾಲು ನಿಮಿಷದೊಳಗೆ ಪುಟ ಬಂದುಬಿಡುತ್ತದೆ. ಅಡಿಕೆ ಧಾರಣೆ ನೋಡಲು ಇಷ್ಟು ಸಾಕು.

ಬಿಟ್ಟುಹೋಗುವುದು ಏನು? ಪುಟ ಬಂದ ಮೇಲೆ ಅದರೊಳಗೆ ನಡೆಯಬೇಕಾದ ಚಟುವಟಿಕೆ. ಅದನ್ನು ನಡೆಸುವ ಜಾವಾಸ್ಕ್ರಿಪ್ಟ್ ಸರ್ವರ್‌ನಲ್ಲಿ ಸ್ವಲ್ಪ ಹೊತ್ತು ಓಡಿ ನಿಲ್ಲುತ್ತದೆ, ನಮಗೆ ಬರುವುದು ಆ ಕ್ಷಣದ ಪಡಿಯಚ್ಚು. ಹಾಗಾಗಿ ಕೆಳಗೆ ಹೋದಂತೆ ತಾನಾಗಿ ತುಂಬಿಕೊಳ್ಳುವ ಪುಟ ತುಂಬಿಕೊಳ್ಳುವುದಿಲ್ಲ. ಜಿಲ್ಲೆ ಆರಿಸಿದರೆ ತಾಲ್ಲೂಕಿನ ಪಟ್ಟಿ ಬರಬೇಕಾದ ಅರ್ಜಿಯಲ್ಲಿ ತಾಲ್ಲೂಕು ಖಾಲಿಯೇ ಇರಬಹುದು. ಹಾಗಾದಾಗ ವೆಬ್‌ಸೈಟನ್ನು ಬೈಯುವ ಮೊದಲು ಎಕ್ಸ್‌ಟ್ರೀಮ್ ಮೋಡ್ ಆಫ್ ಮಾಡಿ ಇನ್ನೊಮ್ಮೆ ನೋಡಿ.

ಕಣ್ಣಿಗೆ ಕಾಣದ ಇನ್ನೊಂದು ಕಡಿತವೂ ಇದೆ. ಪುಟವನ್ನು ಹಿಂಡಬೇಕಾದರೆ ಸರ್ವರ್ ಅದನ್ನು ಬಿಚ್ಚಿ ಓದಲೇಬೇಕು. ಬ್ಯಾಂಕಿನಿಂದ ನಮ್ಮ ಫೋನಿನವರೆಗೆ ಒಂದೇ ಬೀಗದಲ್ಲಿ ಬರಬೇಕಾದದ್ದು ಈ ಮೋಡ್‌ನಲ್ಲಿ ದಾರಿ ಮಧ್ಯೆ ಒಮ್ಮೆ ತೆರೆದು ಮತ್ತೆ ಬೀಗ ಹಾಕಿಸಿಕೊಂಡು ಬರುತ್ತದೆ. ಇದನ್ನು ಒಪೆರಾ ಕಂಪನಿಯೇ ಹೇಳಿಕೊಂಡಿದೆ, ಮುಚ್ಚಿಟ್ಟಿಲ್ಲ. ಪಾಸ್‌ವರ್ಡ್ ಹಾಕುವ ಯಾವ ಕೆಲಸವನ್ನೂ ಅದರಲ್ಲಿ ಮಾಡಬೇಡ ಅಂತ ಅಮ್ಮನಿಗೆ ಹೇಳಿಟ್ಟಿದ್ದೇನೆ.

ಕ್ರೋಮ್‌ನಲ್ಲೂ ಒಂದು ಲೈಟ್ ಮೋಡ್ ಇತ್ತು. 2022ರ ಮಾರ್ಚ್‌ನಲ್ಲಿ ತೆಗೆದರು. ಹಲವು ದೇಶಗಳಲ್ಲಿ ಡೇಟಾ ಅಗ್ಗವಾಯಿತು ಅನ್ನುವುದು ಒಂದು ಕಾರಣ. ಅಗ್ಗವಾದದ್ದು ನಿಜ. ನಮ್ಮ ಜಗಲಿ ಮೂಲೆಯಿಂದ ಅಡುಗೆಮನೆಗೆ ಸಿಗ್ನಲ್ ಬಂದಿಲ್ಲ ಅನ್ನುವುದೂ ನಿಜ.

ಈಗ ಮೂರನೆಯ ತೊಂದರೆಗೆ ಬರೋಣ. ಇದಕ್ಕೊಂದು ಸುಲಭದ ಪರೀಕ್ಷೆ ಇದೆ. ಫೋನನ್ನು ಫ್ಲೈಟ್ ಮೋಡ್‌ಗೆ ಹಾಕಿ, ಆ್ಯಪನ್ನು ಪೂರ್ತಿ ಮುಚ್ಚಿ, ಮತ್ತೆ ತೆರೆಯಿರಿ. ಆಗ ಏನು ಕಾಣುತ್ತದೋ ಅದಷ್ಟೇ ನಿಮ್ಮ ಫೋನಿನಲ್ಲಿರುವುದು. ವಾಟ್ಸ್ಆ್ಯಪ್‌ನಲ್ಲಿ ಹಳೆಯ ಮಾತುಕತೆಯೆಲ್ಲ ಕಾಣುತ್ತದೆ. ಉತ್ತರ ಬರೆದಿಟ್ಟರೆ ನೆಟ್ ಬಂದಾಗ ತಾನೇ ಹೋಗುತ್ತದೆ. ವಾಟ್ಸ್ಆ್ಯಪ್‌ಗೆ ಲೈಟ್ ಆವೃತ್ತಿಯೇ ಇಲ್ಲ ಅನ್ನುವುದನ್ನು ಗಮನಿಸಿ.

ಇದೇ ಪರೀಕ್ಷೆಯನ್ನು ನಕ್ಷೆಗೆ ಮಾಡಿದಾಗ ನನಗೆ ನಗು ಬಂತು. ಫೋನ್ ಜೊತೆಗೇ ಬಂದಿದ್ದದ್ದು ಮ್ಯಾಪ್ಸ್ ಗೋ. ಅದು ಅಸಲಿಗೆ ಆ್ಯಪಿನ ವೇಷ ಹಾಕಿದ ವೆಬ್‌ಸೈಟ್. ದಾರಿ ತೋರಿಸುತ್ತಾ ಮಾತಾಡಬೇಕಾದರೆ ಇನ್ನೊಂದು ಪುಟ್ಟ ಆ್ಯಪ್ ಬೇರೆ ಹಾಕಿಕೊಳ್ಳಬೇಕು. ಮುಖ್ಯವಾದದ್ದೆಂದರೆ, ಒಂದು ಪ್ರದೇಶದ ನಕ್ಷೆಯನ್ನು ಮೊದಲೇ ಇಳಿಸಿಟ್ಟುಕೊಳ್ಳುವ ಸೌಲಭ್ಯ ಅದರಲ್ಲಿಲ್ಲ. ಅದಿರುವುದು ದೊಡ್ಡ ಮ್ಯಾಪ್ಸ್‌ನಲ್ಲಿ. ನೆಟ್ ಚೆನ್ನಾಗಿ ಸಿಗುವ ಊರಿನವರ ದುಬಾರಿ ಫೋನಿನಲ್ಲಿ ಆಫ್‌ಲೈನ್ ನಕ್ಷೆ, ಘಾಟಿಯಲ್ಲಿ ಓಡಾಡುವವರ ಅಗ್ಗದ ಫೋನಿಗೆ ಮಾತ್ರ ಇಲ್ಲ! ಅಮ್ಮನ ಫೋನಿಗೆ ದೊಡ್ಡ ಮ್ಯಾಪ್ಸೇ ಹಾಕಿದೆ. ತೆರೆಯಲು ತಿಣುಕುತ್ತದೆ, ನಿಜ. ಆದರೆ ಕೊಪ್ಪ, ಶೃಂಗೇರಿ, ಆಗುಂಬೆ ಸೇರುವಂತೆ ಒಂದು ಚೌಕ ಇಳಿಸಿಟ್ಟಿದ್ದೇನೆ. ಸಿಗ್ನಲ್ ಇಲ್ಲದಿದ್ದರೂ ಕಾರಿನ ದಾರಿ ತೋರಿಸುತ್ತದೆ. ಟ್ರಾಫಿಕ್ ತೋರಿಸುವುದಿಲ್ಲ, ಆಗುಂಬೆ ದಾರಿಯಲ್ಲಿ ಅದು ಯಾರಿಗೆ ಬೇಕು?

ಮೂರನೆಯ ತೊಂದರೆಗೆಂದೇ ಮಾಡಿದ ಒಂದು ಲೈಟ್ ಆ್ಯಪ್ ಇತ್ತು, ಯೂಟ್ಯೂಬ್ ಗೋ. ನಾನು ಬಳಸಿದ್ದರಲ್ಲಿ ಇದಕ್ಕೇ ಹೆಚ್ಚು ಅಂಕ. ವಿಡಿಯೊ ಮೇಲೆ ಒತ್ತಿದರೆ ಅದು ಓಡುತ್ತಿರಲಿಲ್ಲ. ಮೊದಲು ಒಳಗಿನ ಕೆಲವು ಚಿತ್ರ ತೋರಿಸಿ, ಈ ಗುಣಮಟ್ಟಕ್ಕೆ ಇಷ್ಟು ಎಂಬಿ, ಆ ಗುಣಮಟ್ಟಕ್ಕೆ ಅಷ್ಟು ಎಂಬಿ ಅಂತ ಲೆಕ್ಕ ಮುಂದಿಟ್ಟು, ನೋಡುತ್ತೀರೋ ಇಳಿಸಿಡುತ್ತೀರೋ ಅಂತ ಕೇಳುತ್ತಿತ್ತು. ಇಳಿಸಿದ್ದನ್ನು ಪಕ್ಕದ ಫೋನಿಗೆ ನೆಟ್ ಇಲ್ಲದೆ ದಾಟಿಸಬಹುದಿತ್ತು. ಪಕ್ಕದ ಮನೆಯ ಅತ್ತೆ ತೀರ್ಥಹಳ್ಳಿಗೆ ಹೋದಾಗ ಯಕ್ಷಗಾನದ ವಿಡಿಯೊ ಇಳಿಸಿಕೊಂಡು ಬಂದು ಅಮ್ಮನಿಗೆ ಕೊಡುತ್ತಿದ್ದರು. ಕಮೆಂಟ್ ಬರೆಯಲು ಆಗುತ್ತಿರಲಿಲ್ಲ, ವಿಡಿಯೊ ಹಾಕಲು ಆಗುತ್ತಿರಲಿಲ್ಲ, ಕಪ್ಪು ಥೀಮ್ ಇರಲಿಲ್ಲ. ಮುಚ್ಚುವಾಗ ಗೂಗಲ್ ಕೊಟ್ಟ ಕಾರಣಗಳಲ್ಲಿ ಇವೂ ಸೇರಿದ್ದವು: ದೊಡ್ಡ ಆ್ಯಪಿನಲ್ಲಿ ಇದೆಲ್ಲ ಸಿಗುತ್ತದೆ, ಅದೂ ಈಗ ಸಣ್ಣ ಫೋನಿನಲ್ಲಿ ಓಡುತ್ತದೆ ಅಂತ. 2022ರ ಆಗಸ್ಟ್‌ನಲ್ಲಿ ನಿಂತಿತು. ಅಮ್ಮ ಒಂದು ದಿನವೂ ಕಪ್ಪು ಥೀಮ್ ಕೇಳಿರಲಿಲ್ಲ.

ಆ್ಯಪ್ ಬಿಟ್ಟು ಫೋನಿನದೇ ಡೇಟಾ ಸೇವರ್ ಬಗ್ಗೆ ಒಂದು ಮಾತು. ಆಂಡ್ರಾಯ್ಡ್ 7ರಿಂದ ಇದೆ. ಇದು ಏನನ್ನೂ ಹಿಂಡುವುದಿಲ್ಲ. ನಾವು ತೆರೆದು ನೋಡದಿರುವ ಆ್ಯಪ್‌ಗಳು ಹಿಂದಿನಿಂದ ಮೊಬೈಲ್ ಡೇಟಾ ಬಳಸದಂತೆ ತಡೆಯುವುದೇ ಇದರ ಮುಖ್ಯ ಕೆಲಸ. ಇದನ್ನು ಹಾಕಿಟ್ಟು ಮರೆತಿದ್ದೆ. ಒಂದು ಸಲ ತಂಗಿ ಕಳಿಸಿದ ಮೆಸೇಜು ಸಂಜೆಯವರೆಗೆ ಅಮ್ಮನಿಗೆ ಸಿಗದೆ ಮನೆಯಲ್ಲಿ ಸಣ್ಣ ಜಗಳವೇ ಆಯಿತು. ಗುರುತು ಹೀಗೆ: ಮೆಸೇಜಿನ ಬದಲು, ಹೊಸ ಸಂದೇಶ ಇರಬಹುದು ಅಂತ ಅಸ್ಪಷ್ಟವಾದ ಸೂಚನೆ ಬರುತ್ತದೆ, ಆ್ಯಪ್ ತೆರೆದ ಕೂಡಲೇ ಎಲ್ಲ ಒಟ್ಟಿಗೆ ಸುರಿಯುತ್ತದೆ. ಡೇಟಾ ಸೇವರ್ ಒಳಗಿನ Unrestricted data ಪಟ್ಟಿಯಲ್ಲಿ ವಾಟ್ಸ್ಆ್ಯಪ್ ಒಂದಕ್ಕೆ ವಿನಾಯಿತಿ ಕೊಟ್ಟೆ, ಸರಿಹೋಯಿತು. ಜೊತೆಗೆ ವಾಟ್ಸ್ಆ್ಯಪ್ ಒಳಗೆ ಫೋಟೊ, ವಿಡಿಯೊ ತಾನಾಗಿ ಇಳಿಯುವುದನ್ನು ನಿಲ್ಲಿಸಿದೆ. ಉಳಿತಾಯ ಅಂತ ಕಣ್ಣಿಗೆ ಕಂಡದ್ದು ಇದರಿಂದಲೇ ಜಾಸ್ತಿ. ಗುಡ್ ಮಾರ್ನಿಂಗ್ ಚಿತ್ರಗಳು ಈಗ ಮಬ್ಬಾಗಿ ಸಾಲುಗಟ್ಟಿ ನಿಂತಿರುತ್ತವೆ, ಬೇಕಾದ್ದನ್ನು ಅವಳೇ ಒತ್ತಿ ಇಳಿಸುತ್ತಾಳೆ.

ಗೋ ಫೋನ್ ಕೊಳ್ಳುವವರು ಇದನ್ನೂ ತಿಳಿದಿರಲಿ: ನೋಟಿಫಿಕೇಶನ್ ಓದಲು ಬೇರೆ ಆ್ಯಪ್‌ಗೆ ಅನುಮತಿ ಕೊಡುವುದು, ಬೇರೆ ಆ್ಯಪ್ ಮೇಲೆ ಗುಳ್ಳೆಯಂತೆ ತೇಲುವುದು, ಇಂಥವನ್ನು ನಮ್ಮದರಂಥ ಗೋ ಫೋನ್‌ಗಳಲ್ಲಿ ಮುಚ್ಚಿರುತ್ತಾರೆ. ಅಪ್ಪನ ನಡಿಗೆ ಲೆಕ್ಕಕ್ಕೆ ತಂದ ಕೈಪಟ್ಟಿಯನ್ನು ಈ ಫೋನಿಗೆ ಜೋಡಿಸಿದಾಗ ಹೆಜ್ಜೆ ಎಣಿಸಿತು, ಮೆಸೇಜ್ ಮಾತ್ರ ತೋರಿಸಲಿಲ್ಲ. ಅಂಗಡಿಯವನ ಹತ್ತಿರ ವಾದ ಮಾಡಿದ್ದೇ ಬಂತು.

ಸದ್ಯದ ಸ್ಥಿತಿ ಹೀಗಿದೆ. ಫೇಸ್‌ಬುಕ್ ಲೈಟ್ ಉಳಿದಿದೆ, ಒಪೆರಾ ಮಿನಿ ಧಾರಣೆ ನೋಡಲಿಕ್ಕೆ ಉಳಿದಿದೆ, ಮ್ಯಾಪ್ಸ್ ಗೋ ಬಳಕೆಯಲ್ಲಿಲ್ಲ. ಯೂಟ್ಯೂಬ್ ದೊಡ್ಡದೇ ಇದೆ, ಗುಣಮಟ್ಟವನ್ನು ಅದರೊಳಗಿನದೇ ಡೇಟಾ ಸೇವರ್‌ಗೆ ಕಟ್ಟಿಹಾಕಿದ್ದೇನೆ. ಯಕ್ಷಗಾನದ ಮಟ್ಟಿಗೆ ಅತ್ತೆಯೇ ಹೊಸ ದಾರಿ ಹುಡುಕಿದ್ದಾರೆ. ತೀರ್ಥಹಳ್ಳಿಯಲ್ಲಿ ಇಳಿಸಿಕೊಂಡ ಪ್ರಸಂಗವನ್ನು ಈಗ ದಾಟಿಸಲು ಬರುವುದಿಲ್ಲವಲ್ಲ, ಹಾಗಾಗಿ ಸಂಜೆ ಫೋನ್ ಹಿಡಿದುಕೊಂಡೇ ನಮ್ಮ ಜಗಲಿಗೆ ಬರುತ್ತಾರೆ.