ರೀಸೆಟ್ ಮಾಡುವ ಮೊದಲು ಕ್ಯಾಮೆರಾ ಯಾರ ಖಾತೆಯಲ್ಲಿದೆ ಎಂದು ನೋಡಿ

ಅಂಗಡಿಯ ಹುಡುಗ ಬಂದು ವೈಫೈ ಕ್ಯಾಮೆರಾ ಜೋಡಿಸಿ ಹೋಗಿರುವ ಪ್ರತಿಯೊಬ್ಬರೂ ದಯವಿಟ್ಟು ಇದನ್ನು ಓದಬೇಕು. ದುಡ್ಡು ಕೊಟ್ಟು ಕೊಂಡ ಕ್ಯಾಮೆರಾ ನಮ್ಮದೇ ಅಂಗಳದಲ್ಲಿದ್ದು ನಮ್ಮದಾಗಿರಲಿಲ್ಲ ಎಂಬುದು ತಿಳಿದಾಗ ಆದ ಅವಮಾನ ಇನ್ನೂ ಆರಿಲ್ಲ.

ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಅಡಿಕೆ ಒಣಗಿಸುವ ಅಟ್ಟದ ಕಾವಲಿಗೆಂದು ಶಿವಮೊಗ್ಗದ ಒಂದು ಅಂಗಡಿಯಿಂದ ಕ್ಯಾಮೆರಾ ತರಿಸಿದ್ದೆವು. ಜೋಡಿಸಲು ಬಂದವನು ತನ್ನ ಮೊಬೈಲಿನಲ್ಲಿ ಎಲ್ಲವನ್ನೂ ಮುಗಿಸಿ, "ನಿಮ್ಮ ಫೋನಿಗೂ ಹಾಕಿದೀನಿ ಗೌಡ್ರೇ, ನೋಡ್ಕೊಳ್ಳಿ" ಎಂದು ಹೇಳಿ ಹೋದ. ಚಿತ್ರ ಚೆನ್ನಾಗಿಯೇ ಬರುತ್ತಿತ್ತು. ಹಿಂಗಾರಿನ ಸಿಡಿಲಿಗೆ ರೂಟರ್ ಸುಟ್ಟು, ಹೊಸ ರೂಟರ್ ಬಂದು, ವೈಫೈ ಹೆಸರು ಬದಲಾದಾಗ ಕ್ಯಾಮೆರಾ ನಿಂತಿತು. ಅಟ್ಟದ ತುಂಬ ಬೇಯಿಸಿದ ಅಡಿಕೆ ಹರವಿತ್ತು. ಅವನಿಗೆ ಫೋನ್ ಮಾಡಿದರೆ, "ರೀಸೆಟ್ ಹೊಡೀರಿ ಗೌಡ್ರೇ, ಹೊಸದರ ಹಾಗೆ ಆಗುತ್ತೆ, ಆಮೇಲೆ ಸ್ಕ್ಯಾನ್ ಮಾಡಿದ್ರೆ ಮುಗೀತು" ಎಂದ.

ಅವನು ಹೇಳಿದಂತೆಯೇ ಸಣ್ಣ ತೂತಿನೊಳಗೆ ಪಿನ್ನು ಹಾಕಿ ಒತ್ತಿ ಹಿಡಿದೆ. ಕ್ಯಾಮೆರಾ ಮತ್ತೆ ಶುರುವಾಯಿತು, ಹೊಸ ವೈಫೈಗೂ ಸೇರಿತು. ಕೊನೆಯ ಪರದೆಯಲ್ಲಿ, ಈ ಸಾಧನವು ಈಗಾಗಲೇ ಬೇರೊಂದು ಖಾತೆಗೆ ಸೇರಿದೆ ಎಂಬ ಸಂದೇಶ ಬಂತು. ಅದರ ಕೆಳಗೆ ನಡುವಿನ ಅಂಕಿಗಳನ್ನು ಮರೆಮಾಡಿದ ಒಂದು ಮೊಬೈಲ್ ಸಂಖ್ಯೆ ಇತ್ತು. ಅದು ನನ್ನದಲ್ಲ, ಮೊದಲ ಮತ್ತು ಕೊನೆಯ ಅಂಕಿಗಳನ್ನು ನೋಡಿದರೆ ಅದು ಅವನದೇ. ಅಂದರೆ ಇಷ್ಟು ಕಾಲವೂ ಒಡೆಯ ಅವನು, ನಾನು ಅವನ ಕೃಪೆಯಿಂದ ನೋಡುತ್ತಿದ್ದ ಅತಿಥಿ. ನಮ್ಮ ಅಂಗಳದಲ್ಲಿ ಹೆಂಗಸರು ಮಕ್ಕಳು ಓಡಾಡುವುದನ್ನು ಅವನು ಬಯಸಿದಾಗಲೆಲ್ಲ ನೋಡಬಹುದಾಗಿತ್ತು. ಇದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಇಂಥ ಕ್ಯಾಮೆರಾಗಳಲ್ಲಿ ಒಡೆತನ ದಾಖಲಾಗಿರುವುದು ಕ್ಯಾಮೆರಾದೊಳಗೆ ಅಲ್ಲ, ತಯಾರಕ ಕಂಪನಿಯ ಸರ್ವರಿನಲ್ಲಿ, ಅದರ ಸೀರಿಯಲ್ ಸಂಖ್ಯೆಯ ಎದುರಿಗೆ. ರೀಸೆಟ್ ಮಾಡಿದರೆ ವೈಫೈ ಮಾಹಿತಿ, ಪಾಸ್‌ವರ್ಡ್ ಅಳಿಯುತ್ತವೆ. ಬೇಲಿ ಕಿತ್ತ ಮಾತ್ರಕ್ಕೆ ಪಹಣಿಯಲ್ಲಿನ ಹೆಸರು ಹೋಗದ ಹಾಗೆ ಆ ನಂಟು ಉಳಿಯುತ್ತದೆ. ಕದ್ದ ಕ್ಯಾಮೆರಾವನ್ನು ಕಳ್ಳ ಬಳಸಬಾರದೆಂದು ಮಾಡಿದ ವ್ಯವಸ್ಥೆ ಇದು. ನಮ್ಮ ಮನೆಯಲ್ಲಿ ಅದು ನನ್ನನ್ನೇ ಕಳ್ಳನ ಸ್ಥಾನದಲ್ಲಿ ನಿಲ್ಲಿಸಿತು. ಆದ್ದರಿಂದ ವೈಫೈಗೇ ಸೇರದಿದ್ದರೆ ತೊಂದರೆ ರೂಟರಿನ ಕಡೆ ಇರಬಹುದು. ಸೇರಿದ ಮೇಲೆ ಬೇರೆ ಖಾತೆ ಎಂದು ಬಂದರೆ ಎಷ್ಟು ಸಲ ರೀಸೆಟ್ ಮಾಡಿದರೂ ವ್ಯರ್ಥ.

ಅವನು ತನ್ನ ಆ್ಯಪಿನಲ್ಲಿ ಕ್ಯಾಮೆರಾವನ್ನು ಅಳಿಸಿದ್ದರೆ ನಿಮಿಷದಲ್ಲಿ ಮುಗಿಯುವ ಕೆಲಸ. ಅದಕ್ಕೆ ಅವನು ಹೇಳಿದ್ದು: "ಅದಕ್ಕೆ ಬರಬೇಕಾಗುತ್ತೆ, ವಿಸಿಟಿಂಗ್ ಚಾರ್ಜ್ ಆಗುತ್ತೆ." ಬರುವ ಅಗತ್ಯವೇ ಇಲ್ಲ, ಕೂತಲ್ಲಿಂದಲೇ ಅಳಿಸಬಹುದು ಎಂದಾಗ, "ಆ ಸಿಮ್ ಈಗ ಇಲ್ಲ ಗೌಡ್ರೇ" ಎಂದ. ಅದೇ ಸಂಖ್ಯೆಯಿಂದ ಮಾತನಾಡುತ್ತ ಹೀಗೆ ಹೇಳಿದ! ಅಂಗಡಿಯವರನ್ನು ಕೇಳಿದರೆ, "ಆ ಹುಡುಗ ಈಗ ನಮ್ಮಲ್ಲಿಲ್ಲ, ನಾವು ಮಾರೋದಷ್ಟೇ" ಎಂದರು.

ಕೊನೆಗೆ ಕಂಪನಿಯ ಗ್ರಾಹಕ ಸೇವೆಗೇ ಬರೆದೆ. ಅವರು ಕ್ಯಾಮೆರಾದ ಮೇಲಿನ ಚೀಟಿಯಲ್ಲಿರುವ ಸೀರಿಯಲ್ ಸಂಖ್ಯೆಯ ಫೋಟೊ, ಖರೀದಿಯ ಬಿಲ್ಲು ಮತ್ತು ಕ್ಯಾಮೆರಾ ಸೇರಬೇಕಾದ ಖಾತೆಯ ಮೊಬೈಲ್ ಸಂಖ್ಯೆ ಕೇಳಿದರು. ಎಲ್ಲವನ್ನೂ ಕಳಿಸಿದೆ; ತಿರಸ್ಕರಿಸಿದರು. ಅಂಗಡಿಯ ಬಿಲ್ಲಿನಲ್ಲಿ "ವೈಫೈ ಕ್ಯಾಮೆರಾ 1" ಎಂದಷ್ಟೇ ಇತ್ತು, ಸೀರಿಯಲ್ ಸಂಖ್ಯೆ ಇರಲಿಲ್ಲ. ಅದನ್ನು ಬರೆದುಕೊಡಿ ಎಂದರೆ ಅಂಗಡಿಯವರು, "ಹಳೇ ಬಿಲ್ಲಿಗೆ ಈಗ ಏನೂ ಸೇರಿಸೋಕ್ಕೆ ಬರಲ್ಲ" ಎಂದರು. ಗ್ರಾಹಕ ಆಯೋಗಕ್ಕೆ ದೂರು ಕೊಡುತ್ತೇನೆಂದು ಅಂಗಡಿಯಲ್ಲೇ ನಿಂತು ಗಟ್ಟಿಯಾಗಿ ಹೇಳಿದ ಮೇಲಷ್ಟೇ ಲೆಟರ್‌ಹೆಡ್ಡಿನಲ್ಲಿ ಸಂಖ್ಯೆ ಬರೆದು, ಸೀಲು ಒತ್ತಿ ಕೊಟ್ಟರು. ಅದನ್ನು ಕಳಿಸಿದ ನಂತರ ಕಂಪನಿಯವರು ಹಳೆಯ ನಂಟನ್ನು ಬಿಡಿಸಿದರು. ಮತ್ತೊಮ್ಮೆ ಸ್ಕ್ಯಾನ್ ಮಾಡಿದಾಗ ಕ್ಯಾಮೆರಾ ನನ್ನ ಖಾತೆಗೆ ಬಂತು. ಚೀಟಿಯ ಮೇಲಿನ ಗುಪ್ತಸಂಖ್ಯೆ ಅವನಿಗೂ ಗೊತ್ತಿದ್ದುದರಿಂದ ಅದನ್ನು ಮೊದಲು ಬದಲಿಸಿದೆ.

ನಿಮ್ಮ ಆ್ಯಪನ್ನು ಇವತ್ತೇ ತೆರೆದು ಕ್ಯಾಮೆರಾದ ಸೆಟ್ಟಿಂಗಿಗೆ ಹೋಗಿ. ಮನೆಯ ಇನ್ನೊಬ್ಬರಿಗೆ ಹಂಚುವ ಆಯ್ಕೆ ಅಲ್ಲಿ ಕಾಣದಿದ್ದರೆ, ಅಥವಾ ಕ್ಯಾಮೆರಾದ ಹೆಸರಿನ ಜೊತೆ ಯಾರೋ ಹಂಚಿಕೊಂಡದ್ದು ಎಂದಿದ್ದರೆ, ನೀವು ಬಹುತೇಕ ಅತಿಥಿಗಳೇ. ಕ್ಯಾಮೆರಾ ಚಾಲನೆಯಲ್ಲಿರುವಾಗಲೇ ಜೋಡಿಸಿದವನನ್ನು ಮನೆಗೆ ಕರೆಸಿ, ನಿಮ್ಮ ಕಣ್ಣೆದುರಿಗೇ ಅವನ ಫೋನಿನಿಂದ ಅಳಿಸಿ, ನಿಮ್ಮ ಸಂಖ್ಯೆಯ ಖಾತೆಗೆ ಸೇರಿಸಿಕೊಳ್ಳಿ. ಹೊಸದಾಗಿ ಕೊಳ್ಳುವವರು ಬಿಲ್ಲಿನ ಮೇಲೆ ಸೀರಿಯಲ್ ಸಂಖ್ಯೆ ಬರೆಸದೆ ದುಡ್ಡು ಕೊಡಬೇಡಿ.