ಹೀಟ್‌ಮ್ಯಾಪ್ ನೋಡಿ ಹಿಗ್ಗಿದೆವು, ರೆಕಾರ್ಡಿಂಗ್ ನೋಡಿ ತಪ್ಪನ್ನು ಕಂಡುಕೊಂಡೆವು

ಸಕಲೇಶಪುರದ ಬಳಿ ನನ್ನ ಭಾವ ಒಂದು ಹೋಂಸ್ಟೇ ನಡೆಸುತ್ತಾರೆ. ಅವರ ಜಾಲತಾಣದ ವಿಚಾರಣೆ ಪುಟ ಬಹಳ ಉದ್ದ. ಮೊದಲು ಕೋಣೆಗಳ ಫೋಟೋಗಳು, ನಂತರ ನಿಯಮಗಳು ಮತ್ತು ದರ, ಕೊನೆಗೆ ಹದಿನಾಲ್ಕು ಖಾನೆಗಳ ಅರ್ಜಿ. ಪುಟಕ್ಕೆ ಬರುವವರು ಸಾಕಷ್ಟಿದ್ದರೂ ವಿಚಾರಣೆಗಳು ಕೈಬೆರಳೆಣಿಕೆಯಷ್ಟೇ ಬರುತ್ತಿದ್ದವು. ಹೀಗಾಗಿ ಪುಟಕ್ಕೆ ಬಂದವರ ನಡೆಯನ್ನು ದಾಖಲಿಸುವ, ಹಣ ಕೊಡಬೇಕಿಲ್ಲದ ಮೈಕ್ರೋಸಾಫ್ಟ್ ಕ್ಲಾರಿಟಿಯನ್ನು ಅಳವಡಿಸಿ, ಎಲ್ಲರ ನಡೆಯನ್ನೂ ಪುಟದ ಮೇಲೆ ಬಣ್ಣದಲ್ಲಿ ತೋರಿಸುವ ಹೀಟ್‌ಮ್ಯಾಪ್ ಮತ್ತು ಒಬ್ಬೊಬ್ಬರ ಭೇಟಿಯನ್ನು ವಿಡಿಯೊದಂತೆ ತೋರಿಸುವ ಸೆಷನ್ ರೆಕಾರ್ಡಿಂಗ್ ಎರಡನ್ನೂ ಎರಡು ವಾರ ನೋಡಿದೆ.

ಮೊದಲು ತೆರೆದದ್ದು ಹೀಟ್‌ಮ್ಯಾಪ್. ಒಂದೇ ಚಿತ್ರದಲ್ಲಿ ಎಲ್ಲರ ನಡೆಯೂ ಕಾಣುತ್ತದೆ, ಹಾಗಾಗಿ ಕೆಲಸ ಬೇಗ ಮುಗಿಯುತ್ತದೆ. ಸ್ಕ್ರಾಲ್ ನಕ್ಷೆಯಲ್ಲಿ ಮೊಬೈಲ್ ಮತ್ತು ಕಂಪ್ಯೂಟರ್‌ಗಳನ್ನು ಬೇರೆ ಬೇರೆಯಾಗಿಯೇ ನೋಡಬೇಕು. ನಮ್ಮಲ್ಲಿ ಮೊಬೈಲಿನಿಂದ ಬಂದವರಲ್ಲಿ ಸುಮಾರು ಅರ್ಧದಷ್ಟು ಮಂದಿ ಅರ್ಜಿಯವರೆಗೆ ಇಳಿದೇ ಇರಲಿಲ್ಲ. ಇನ್ನು ಕ್ಲಿಕ್ ನಕ್ಷೆಯಲ್ಲಿ ಎಲ್ಲಕ್ಕಿಂತ ಕೆಂಪಾಗಿ ಉರಿಯುತ್ತಿದ್ದುದು ‘ಕಳುಹಿಸಿ’ ಗುಂಡಿ. ಭಾವ ಖುಷಿಯಾದರು: ‘ಅಲ್ಲಿಯವರೆಗೆ ಬಂದವರೆಲ್ಲ ಒತ್ತುತ್ತಿದ್ದಾರಲ್ಲ! ಹಾಗಾದರೆ ಅರ್ಜಿ ಸರಿಯಾಗಿದೆ, ಮೇಲಿನ ಭಾಗ ಕತ್ತರಿಸಿದರೆ ಸಾಕು.’ ನನಗೂ ಹಾಗೆಯೇ ಅನ್ನಿಸಿತು.

ಆದರೆ ಲೆಕ್ಕ ತಾಳೆಯಾಗಲಿಲ್ಲ. ಗುಂಡಿಯ ಮೇಲೆ ಬಿದ್ದದ್ದು 118 ಕ್ಲಿಕ್, ಅಂಚೆಪೆಟ್ಟಿಗೆಗೆ ಬಂದದ್ದು 23 ವಿಚಾರಣೆ. ಕ್ಲಿಕ್ ನಕ್ಷೆ ಎಣಿಸುವುದು ಒತ್ತುಗಳನ್ನು, ಒತ್ತಿದ ಜನರನ್ನಲ್ಲ. ಒಬ್ಬರೇ ಆರು ಬಾರಿ ಒತ್ತಿದರೂ ಆರು ಮಂದಿ ಒತ್ತಿದಷ್ಟೇ ಬಣ್ಣ ಗಾಢವಾಗುತ್ತದೆ.

ಆಗ ರೆಕಾರ್ಡಿಂಗ್‌ಗಳ ಕಡೆ ತಿರುಗಿದೆ. ಎಲ್ಲವನ್ನೂ ನೋಡಲು ಹೊರಟರೆ ಒಂದು ದಿನ ಸಾಲದು, ಕಣ್ಣಿಗೆ ಬಿದ್ದದ್ದನ್ನು ನೋಡಿದರೆ ಸತ್ಯ ಸಿಗುವುದಿಲ್ಲ. ಆದ್ದರಿಂದ ಆ ಪುಟ, ಮೊಬೈಲ್, ‘ರೇಜ್ ಕ್ಲಿಕ್’ ಎಂಬ ಮೂರು ಸೋಸುಗಳನ್ನು ಹಾಕಿದೆ. ಒಂದೇ ಜಾಗವನ್ನು ಪಟಪಟನೆ ಮತ್ತೆ ಮತ್ತೆ ಒತ್ತುವುದಕ್ಕೆ ಈ ಹೆಸರು. ಖಾಲಿ ಹೊತ್ತನ್ನು ದಾಟಿಸಿ, ಎರಡು ಪಟ್ಟು ವೇಗದಲ್ಲಿ ಸುಮಾರು ಮೂವತ್ತು ನೋಡಿದೆ. ಪ್ರತಿಯೊಂದರಲ್ಲೂ ಕೊನೆಯದಾಗಿ ಮುಟ್ಟಿದ ಖಾನೆ ಯಾವುದೆಂದು ಹಾಳೆಯಲ್ಲಿ ಬರೆದುಕೊಂಡೆ.

ಹತ್ತನೆಯದರ ಹೊತ್ತಿಗೆ ಕಥೆ ಸ್ಪಷ್ಟವಾಯಿತು. ಜನ ಅರ್ಜಿ ತುಂಬುತ್ತಾರೆ, ಗುಂಡಿ ಒತ್ತುತ್ತಾರೆ, ಏನೂ ಆಗುವುದಿಲ್ಲ. ಮತ್ತೆ ಒತ್ತುತ್ತಾರೆ. ಕೆಲವರು ಮೇಲಕ್ಕೆ ಹೋಗಿ ಮೊಬೈಲ್ ಸಂಖ್ಯೆಯನ್ನು ತಿದ್ದಿ ಬರುತ್ತಾರೆ, ಉಳಿದವರು ಹೊರಟುಹೋಗುತ್ತಾರೆ. ತಪ್ಪಿನ ಸೂಚನೆ ಅರ್ಜಿಯ ಮೇಲ್ತುದಿಯಲ್ಲಿ ಮೂಡುತ್ತಿತ್ತು. ಗುಂಡಿಯ ಬಳಿ ಇರುವವರ ಪರದೆಯಲ್ಲಿ ಅದು ಕಾಣಲು ಸಾಧ್ಯವೇ ಇರಲಿಲ್ಲ.

ಸಂಖ್ಯೆಯಲ್ಲಿ ತಪ್ಪೇನಿತ್ತು ಎಂಬುದು ಮಾತ್ರ ರೆಕಾರ್ಡಿಂಗ್‌ನಲ್ಲಿ ತಿಳಿಯಲಿಲ್ಲ. ಖಾನೆಯಲ್ಲಿ ಟೈಪ್ ಮಾಡಿದ್ದನ್ನು ಕ್ಲಾರಿಟಿ ಮರೆಮಾಚುತ್ತದೆ, ಹಾಗೆ ಮಾಡುವುದೇ ಸರಿ. ನನ್ನದೇ ಮೊಬೈಲಿನಿಂದ ಪ್ರಯತ್ನಿಸಿದೆ. ಸಂಖ್ಯೆಯನ್ನು ಕಾಂಟ್ಯಾಕ್ಟ್‌ನಿಂದ ನಕಲಿಸಿ ಅಂಟಿಸಿದಾಗ ಮುಂದೆ +91 ಬಂತು, ನಡುವೆ ಖಾಲಿ ಜಾಗವೂ ಬಂತು. ನಮ್ಮ ಅರ್ಜಿ ಬರಿಯ ಹತ್ತು ಅಂಕಿಗಳನ್ನಷ್ಟೇ ಒಪ್ಪುತ್ತಿತ್ತು.

ಹೀಟ್‌ಮ್ಯಾಪ್‌ಗೆ ಅನ್ಯಾಯ ಮಾಡಬಾರದು. ರೆಕಾರ್ಡಿಂಗ್‌ಗಳಲ್ಲಿ ಒಬ್ಬಿಬ್ಬರು ಕೋಣೆಯ ಫೋಟೋ ಮೇಲೆ ಬೆರಳಿಟ್ಟದ್ದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಅದೇ ಫೋಟೋ ನಕ್ಷೆಯಲ್ಲಿ ದಟ್ಟವಾಗಿ ಕಂಡಾಗ, ಅದು ದೊಡ್ಡದಾಗುತ್ತದೆ ಎಂದು ಎಷ್ಟೋ ಮಂದಿ ನಂಬಿದ್ದಾರೆ ಎಂದು ಅರಿವಾಯಿತು. ಒಂದು ಅಡಚಣೆ ಎಷ್ಟು ವ್ಯಾಪಕ ಎಂದು ಹೇಳಲು ನಕ್ಷೆಯೇ ಮೇಲು. ಆದರೆ ಹಿಂದಿನ ಉತ್ತರಕ್ಕೆ ತಕ್ಕಂತೆ ಹೊಸ ಖಾನೆಗಳು ತೆರೆದುಕೊಳ್ಳುವ ಅರ್ಜಿಗಳಲ್ಲಿ ಅದನ್ನು ಎಚ್ಚರದಿಂದ ಓದಬೇಕು. ಪುಟದ ಎತ್ತರ ಒಬ್ಬೊಬ್ಬರಿಗೆ ಒಂದೊಂದು ಥರ ಇರುವಾಗ ನಕ್ಷೆ ಎಲ್ಲರ ನಡೆಯನ್ನೂ ಒಂದೇ ಚಿತ್ರದ ಮೇಲೆ ಹರಡಿರುತ್ತದೆ.

ಇನ್ನೊಮ್ಮೆ ಮಾಡುವುದಾದರೆ ಸೋಸಿದ ರೆಕಾರ್ಡಿಂಗ್‌ನಿಂದಲೇ ಶುರು ಮಾಡುತ್ತೇನೆ. ಈಗ ಅರ್ಜಿ ತಪ್ಪು ತೋರಿಸಿದಾಗಲೆಲ್ಲ ಈ ಸಾಲು ಓಡುತ್ತದೆ, ಅಂಥವರ ರೆಕಾರ್ಡಿಂಗ್‌ಗಳನ್ನು ನೇರವಾಗಿ ಹುಡುಕಬಹುದು:

```js
window.clarity("event", "form_error");
```

ಹೆಸರು, ಸಂಖ್ಯೆಗಳನ್ನು ಪುಟದಲ್ಲಿ ಬೇರೆಡೆ ಮತ್ತೆ ತೋರಿಸುವುದಿದ್ದರೆ ಆ ಭಾಗಕ್ಕೆ `data-clarity-mask="true"` ಎಂದು ಸೇರಿಸಿ. ಖಾನೆಯಿಂದ ಹೊರಬಂದ ಪಠ್ಯಕ್ಕೆ ಖಾನೆಯ ರಕ್ಷಣೆ ಸಿಗುತ್ತದೆಂದು ನಂಬಬೇಡಿ. ನಡೆಯನ್ನು ದಾಖಲಿಸುತ್ತೇವೆ ಎಂಬ ಸೂಚನೆಯನ್ನೂ ಪುಟದಲ್ಲಿ ಹಾಕಿದ್ದೇವೆ.

ಪುಟದ ಉದ್ದವನ್ನು ನಾವು ಇನ್ನೂ ಮುಟ್ಟಿಲ್ಲ. ತಪ್ಪಿನ ಸೂಚನೆಯನ್ನು ಆಯಾ ಖಾನೆಯ ಕೆಳಗೆ ತಂದೆವು, +91 ಮತ್ತು ಖಾಲಿ ಜಾಗಗಳನ್ನು ಅರ್ಜಿಯೇ ತೆಗೆದುಹಾಕುವಂತೆ ಮಾಡಿದೆವು. ಮುಂದಿನ ಎರಡು ವಾರದಲ್ಲಿ ಗುಂಡಿಯ ಕೆಂಪು ಕಡಿಮೆಯಾಯಿತು, ವಿಚಾರಣೆಗಳು ಹೆಚ್ಚಾದವು.