ನುಡಿ ಫೈಲಿನಿಂದ ವೆಬ್‌ಸೈಟಿಗೆ: ಮೂರು ದಾರಿ ಹಿಡಿದು ನೋಡಿದ್ದು

ಒಂದು ಚಿಕ್ಕ ವಾರಪತ್ರಿಕೆಯ ವೆಬ್‌ಸೈಟಿಗೆ ಸುದ್ದಿ ಏರಿಸುವುದು ನನ್ನ ಕೆಲಸ. ತಾಲ್ಲೂಕಿನ ವರದಿಗಾರರು ಇವತ್ತಿಗೂ ನುಡಿಯಲ್ಲಿ, ಅಂದರೆ ಹಳೆಯ ಆಸ್ಕಿ ಫಾಂಟಿನಲ್ಲಿ, ವರ್ಡ್ ಫೈಲ್ ಮಾಡಿ ಕಳಿಸುತ್ತಾರೆ. ಅಚ್ಚಿಗೆ ಅದೇ ಸಾಕು. ವೆಬ್‌ಸೈಟಿನ ಬಾಕ್ಸಿಗೆ ಪೇಸ್ಟ್ ಮಾಡಿದರೆ ಮಾತ್ರ ‘ಕನ್ನಡ’ ಹೋಗಿ `PÀ£ÀßqÀ` ಬರುತ್ತದೆ. ಕಾರಣ ಸರಳ. ಆ ಫೈಲಿನಲ್ಲಿ ಕನ್ನಡ ಅಕ್ಷರವೇ ಇಲ್ಲ. ಇರುವುದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳು, ಅವುಗಳಿಗೆ ಕನ್ನಡದ ರೂಪ ಕೊಡುವುದು ಫಾಂಟ್.

ಇದನ್ನು ಯೂನಿಕೋಡ್‌ಗೆ ತಿರುಗಿಸಲು ಮೂರು ದಾರಿಗಳನ್ನು ಕೆಲವು ವಾರ ಬಳಸಿ ನೋಡಿದೆ. ಮೊದಲನೆಯದು ಎಲ್ಲರೂ ಬಳಸುವ ಪರಿವರ್ತಕ ಪುಟ: ಎಡಗಡೆ ಪೇಸ್ಟ್, ಒಂದು ಬಟನ್, ಬಲಗಡೆಯಿಂದ ಕಾಪಿ. ಎರಡನೆಯದು ಬುಕ್‌ಮಾರ್ಕ್‌ಲೆಟ್, ಅಂದರೆ ಬುಕ್‌ಮಾರ್ಕಿನೊಳಗೇ ಇಟ್ಟ ಪುಟ್ಟ ಜಾವಾಸ್ಕ್ರಿಪ್ಟ್. ಬಾಕ್ಸಿಗೆ ಪೇಸ್ಟ್ ಮಾಡಿ, ಸೆಲೆಕ್ಟ್ ಮಾಡಿ, ಅದನ್ನು ಒತ್ತಿದರೆ ಆಯಿತು. ಮೂರನೆಯದು ಪ್ರೋಗ್ರಾಮಿಂಗ್ ಗೊತ್ತಿರುವ ನನ್ನ ತಮ್ಮ ಬರೆದುಕೊಟ್ಟ ಕ್ರೋಮ್ ಎಕ್ಸ್‌ಟೆನ್ಷನ್. ಅದರಲ್ಲಿ ಸುಮ್ನೆ ಪೇಸ್ಟ್ ಮಾಡಿದರೆ ಸಾಕು, ಅದೇ ತಿರುಗಿಸುತ್ತದೆ.

ಕ್ಲಿಕ್ ಎಷ್ಟು ಉಳಿಯುತ್ತದೆ ಎಂದು ನೋಡಲು ಹೊರಟಿದ್ದೆ. ಉಳಿಯುವುದು ನಿಜ. ಆದರೆ ಹೊತ್ತು ತಿನ್ನುವುದು ಕ್ಲಿಕ್ ಅಲ್ಲ, ತಿರುಗಿಸಿದ ಮೇಲೆ ಕೂತು ತಿದ್ದುವ ಕೆಲಸ.

ನಮ್ಮ ಸುದ್ದಿಗಳಲ್ಲಿ ಕನ್ನಡದ ನಡುವೆ ಇಂಗ್ಲಿಷ್ ಬಂದೇ ಬರುತ್ತದೆ. ಒಂದು ಫೈಲಿನಲ್ಲಿ ವರದಿಗಾರರು `DC` ಕಚೇರಿ ಎಂದು ಬರೆದಿದ್ದರು. `DC` ಮಾತ್ರ ಟೈಮ್ಸ್ ನ್ಯೂ ರೋಮನ್, ಉಳಿದದ್ದೆಲ್ಲ ನುಡಿ. ಪರಿವರ್ತಕ ಪುಟ ಅದನ್ನು ‘ಆಅ ಕಚೇರಿ’ ಮಾಡಿತು. ನುಡಿಯಲ್ಲಿ `D` ಎಂದರೆ ಆ, `C` ಎಂದರೆ ಅ. ಪುಟದ ತಪ್ಪೇನೂ ಇಲ್ಲ. ಬರೀ ಅಕ್ಷರ ತೆಗೆದುಕೊಳ್ಳುವ ಬಾಕ್ಸಿಗೆ ಪೇಸ್ಟ್ ಮಾಡಿದಾಗ ಫಾಂಟಿನ ಗುರುತು ಅಲ್ಲೇ ಕಳಚಿ ಬೀಳುತ್ತದೆ. ಯಾವುದು ಕನ್ನಡ, ಯಾವುದು ಇಂಗ್ಲಿಷ್ ಎಂದು ತಿಳಿಯಲು ಅದಕ್ಕೆ ದಾರಿಯೇ ಇಲ್ಲ.

ಬುಕ್‌ಮಾರ್ಕ್‌ಲೆಟ್‌ನಲ್ಲಿ ಇದಕ್ಕೊಂದು ಜಾಣ ಉಪಾಯ ಇತ್ತು. ನುಡಿಯ ಪದಗಳಲ್ಲಿ ಹೆಚ್ಚಾಗಿ `À`, `Ä`, `É` ತರಹದ ಒಂದಾದರೂ ಅಕ್ಷರ ಇರುತ್ತದೆ. ಅಂಥದ್ದು ಇಲ್ಲದ ಪದ ಇಂಗ್ಲಿಷ್ ಎಂದುಕೊಂಡು ಬಿಟ್ಟುಬಿಡುವುದು. `DC` ಉಳಿಯಿತು, ನನಗೆ ತುಂಬಾ ಖುಷಿಯಾಯಿತು. ಆಮೇಲೆ ಪ್ರಕಟವಾದ ಸುದ್ದಿಯೊಂದರಲ್ಲಿ ‘ಸಂಘದ ಪ್ರತಿನಿಧಿ DV ಭಾಗವಹಿಸಿದ್ದರು’ ಎಂದು ಕಂಡಿತು. ‘ಪ್ರತಿನಿಧಿ ಆಗಿ’ ಎಂದು ಇರಬೇಕಿತ್ತು. ನುಡಿಯಲ್ಲಿ ‘ಆಗಿ’ ಎಂಬುದು `DV`, ‘ಈ’ ಎಂಬುದು ಬರೀ `F`. ಕನ್ನಡದಲ್ಲಿ ಇವೆರಡೂ ಎಷ್ಟು ಸಲ ಬರುತ್ತವೆ ಹೇಳಿ. ‘ಆಅ’ ಎಂಬ ತಪ್ಪು ಕಣ್ಣಿಗೆ ಹೊಡೆಯುತ್ತದೆ. ಒಂಟಿ `F` ಹಾಗಲ್ಲ, ಓದುವಾಗ ಜಾರಿಹೋಗುತ್ತದೆ. ಹಾಗಾಗಿ ಪದ ನೋಡಿ ಊಹಿಸುವ ಸಾಧನವನ್ನು ನಾನು ಪರಿವರ್ತಕ ಪುಟಕ್ಕಿಂತಲೂ ಕೆಳಗೆ ಇಡುತ್ತೇನೆ.

ಎಕ್ಸ್‌ಟೆನ್ಷನ್ ಊಹಿಸುವುದೇ ಇಲ್ಲ. ವರ್ಡ್‌ನಿಂದ ಕಾಪಿ ಮಾಡಿದಾಗ ಕ್ಲಿಪ್‌ಬೋರ್ಡಿಗೆ ಬರೀ ಅಕ್ಷರದ ಜೊತೆ ಎಚ್‌ಟಿಎಂಎಲ್ ಪ್ರತಿಯೂ ಹೋಗುತ್ತದೆ. ಯಾವ ತುಣುಕಿಗೆ ಯಾವ ಫಾಂಟ್ ಎಂಬುದು ಅದರಲ್ಲಿದೆ. ಪೇಸ್ಟ್ ಆಗುವ ಹೊತ್ತಿಗೆ ಎಕ್ಸ್‌ಟೆನ್ಷನ್ ಅದನ್ನು ಹಿಡಿಯುತ್ತದೆ:

```
const html = e.clipboardData.getData("text/html");
```

ಫಾಂಟ್ ಹೆಸರು `Nudi` ಎಂದು ಶುರುವಾದರೆ ಆ ತುಣುಕನ್ನು ತಿರುಗಿಸುವುದು, ಇಲ್ಲದಿದ್ದರೆ ಮುಟ್ಟದೆ ಬಿಡುವುದು. `DC` ಹಾಗೇ ಉಳಿಯಿತು, `DV` ‘ಆಗಿ’ ಆಯಿತು.

ಮೊದಲ ದಿನವೇ ಎಲ್ಲ ಸರಿಯಾಗಿತ್ತು ಎಂದಲ್ಲ. ಒಬ್ಬ ವರದಿಗಾರರ ಫೈಲುಗಳು ಮಾತ್ರ ತಿರುಗುತ್ತಲೇ ಇರಲಿಲ್ಲ. ತೆಗೆದು ನೋಡಿದರೆ ಅವರು ನುಡಿಯನ್ನು ವರ್ಡ್‌ನ `Normal` ಸ್ಟೈಲಿಗೇ ಕೂಡಿಸಿಟ್ಟಿದ್ದರು. ಆಗ ಫಾಂಟಿನ ಹೆಸರು ಪ್ರತಿ ತುಣುಕಿನ ಪಕ್ಕ ಇರುವುದಿಲ್ಲ, ಎಚ್‌ಟಿಎಂಎಲ್‌ನ ಮೇಲ್ಗಡೆ ಸ್ಟೈಲ್ ಭಾಗದಲ್ಲಿ ಒಂದೇ ಸಲ ಇರುತ್ತದೆ. ನನ್ನ ತಮ್ಮ ಆ ಎಚ್‌ಟಿಎಂಎಲ್ ಅನ್ನು ಕಣ್ಣಿಗೆ ಕಾಣದ ಒಂದು `iframe`ಗೆ ಹಾಕಿ, ಪ್ರತಿ ತುಣುಕಿಗೂ ಕೊನೆಗೆ ಯಾವ ಫಾಂಟ್ ಬಿತ್ತು ಎಂದು `getComputedStyle` ಮೂಲಕ ಕೇಳುವ ಹಾಗೆ ಮಾಡಿದ. ಅದರಿಂದ ಲಿಬ್ರೆ ಆಫೀಸಿನ ಫೈಲುಗಳೂ ಸರಿಹೋದವು. ನೀವು ಇಂಥದ್ದನ್ನು ಬರೆಯುವುದಾದರೆ ಮೊದಲಿನಿಂದಲೇ ಹೀಗೆ ಮಾಡಿ.

ಫಾಂಟ್ ಗೊತ್ತಾದ ಮೇಲೂ ಅಕ್ಷರ ಸರಿಯಾಗಿ ಕೂರಬೇಕಲ್ವಾ? ಯಾವ ಪರಿವರ್ತಕ ಸಿಕ್ಕರೂ ನಾನು ಎರಡು ಪದ ಕೊಟ್ಟು ನೋಡುತ್ತೇನೆ. ಒಂದು `¸ÁªÀÄxÀåð`, ಅಂದರೆ ಸಾಮರ್ಥ್ಯ. ನುಡಿಯಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಜಾಗದಲ್ಲೇ, ಕೊನೆಗೆ, ಇರುತ್ತದೆ. ಯೂನಿಕೋಡ್‌ನಲ್ಲಿ ರ್ ಎಂಬುದು ಇಡೀ ‘ಥ್ಯ’ಕ್ಕಿಂತ ಮುಂಚೆ ಬರಬೇಕು. ಪೂರ್ತಿ ಹಿಂದಕ್ಕೆ ಸರಿಸದೆ ನಡುವೆ ನಿಲ್ಲಿಸಿದರೆ ‘ಸಾಮಥ್ರ್ಯ’ ಆಗುತ್ತದೆ. ಇದನ್ನು ನೀವೂ ಎಷ್ಟೋ ವೆಬ್‌ಸೈಟುಗಳಲ್ಲಿ ನೋಡಿರುತ್ತೀರಿ. ಇನ್ನೊಂದು `gÁåAPï`, ಅಂದರೆ ರ‍್ಯಾಂಕ್. ಇಲ್ಲಿ ರ ಪೂರ್ತಿ ಇದ್ದು ಯ ಒತ್ತಾಗಬೇಕು. ಅದಕ್ಕೆ ರ ಆದಮೇಲೆ ಕಣ್ಣಿಗೆ ಕಾಣದ ಜೋಡಕ, `U+200D`, ಸೇರಿಸಬೇಕು. ಅದಿಲ್ಲದಿದ್ದರೆ ‘ರ್ಯಾಂಕ್’ ಆಗಿ, ಯಕ್ಕೆ ಅರ್ಕಾವತ್ತು ಬೀಳುತ್ತದೆ. ನಾನು ಬಳಸಿದ ಪರಿವರ್ತಕ ಪುಟ ಎರಡರಲ್ಲೂ ಪಾಸಾಯಿತು. ಬುಕ್‌ಮಾರ್ಕ್‌ಲೆಟ್ ರ‍್ಯಾಂಕಿನಲ್ಲಿ ಎಡವಿತು. ಎಕ್ಸ್‌ಟೆನ್ಷನ್ ಕೂಡ ಮೊದಲು ಅಲ್ಲೇ ಎಡವಿತ್ತು, ಈಗ ಸರಿಯಿದೆ.

ಅಂಕಿಗಳ ವಿಷಯ ಚಿಕ್ಕದು. ಫೈಲಿನಲ್ಲಿರುವುದು ಬರೀ 1, 2, 3. ಅದು ಕನ್ನಡ ಅಂಕಿಯಾಗಿ ಕಾಣುವುದೋ ಇಲ್ಲವೋ ಎಂಬುದನ್ನು ಫಾಂಟ್ ತೀರ್ಮಾನಿಸುತ್ತದೆ. ನಮ್ಮ ವೆಬ್‌ಸೈಟಿಗೆ ಇಂಗ್ಲಿಷ್ ಅಂಕಿಯೇ ಬೇಕು, ಹಾಗಾಗಿ ಮುಟ್ಟದೆ ಬಿಟ್ಟಿದ್ದೇವೆ.

ಎಕ್ಸ್‌ಟೆನ್ಷನ್ ಬೇಡ ಎನ್ನುವವರ ಒಂದು ಮಾತು ನನಗೂ ಸರಿ ಎನಿಸುತ್ತದೆ. ಎಲ್ಲ ವೆಬ್‌ಸೈಟುಗಳಲ್ಲೂ ನೀವು ಪೇಸ್ಟ್ ಮಾಡುವುದನ್ನು ಓದಬಲ್ಲ ಎಕ್ಸ್‌ಟೆನ್ಷನ್ ಅಪಾಯದ್ದೇ. ಬ್ಯಾಂಕಿನ ಪುಟವೂ ಅದರಲ್ಲಿ ಬರುತ್ತದೆ. ನಮ್ಮದು `manifest.json`ನಲ್ಲಿ ಸುದ್ದಿ ಏರಿಸುವ ಒಂದೇ ವಿಳಾಸಕ್ಕೆ ಕಟ್ಟಿಹಾಕಿದ್ದು, ಬೇರೆ ಕಡೆ ಓಡುವುದೇ ಇಲ್ಲ. ಕ್ರೋಮ್ ವೆಬ್ ಸ್ಟೋರಿಗೂ ಏರಿಸಿಲ್ಲ. `chrome://extensions` ತೆರೆದು, `Developer mode` ಹಾಕಿ, `Load unpacked` ಒತ್ತಿ ಫೋಲ್ಡರ್ ತೋರಿಸಿದ್ದೇವೆ. ಅಂಥ ತಮ್ಮನೋ ಗೆಳೆಯರೋ ಇಲ್ಲದವರಿಗೆ, ದಿನಕ್ಕೆ ಒಂದೆರಡೇ ಫೈಲ್ ಇರುವವರಿಗೆ ಪರಿವರ್ತಕ ಪುಟವೇ ಸಾಕು. ಮೊದಲು ವರ್ಡ್‌ನಲ್ಲಿ ಇಂಗ್ಲಿಷ್ ಪದಗಳ ಜಾಗ ಗುರುತು ಮಾಡಿಕೊಂಡು, ತಿರುಗಿಸಿದ ಮೇಲೆ ಅವನ್ನು ಕೈಯಿಂದ ಹಾಕಿ.

ಎಕ್ಸ್‌ಟೆನ್ಷನ್‌ಗೂ ಆಗದ್ದು ಒಂದಿದೆ. ಕೆಲವರು ಫೈಲ್ ಕಳಿಸದೆ ನುಡಿಯ ಸಾಲುಗಳನ್ನು ನೇರ ವಾಟ್ಸಾಪ್ ಮೆಸೇಜಿಗೆ ಪೇಸ್ಟ್ ಮಾಡಿ ಕಳಿಸುತ್ತಾರೆ. ಅಲ್ಲಿ ಫಾಂಟಿನ ಗುರುತು ಆಗಲೇ ಹೋಗಿರುತ್ತದೆ. ಅಂಥವರಿಗೆ ಫೋನ್ ಮಾಡಿ ‘ಸರ್, ಮೆಸೇಜ್ ಬೇಡ, ಫೈಲನ್ನೇ ಕಳಿಸಿ’ ಎನ್ನುತ್ತೇನೆ. ಫೈಲ್ ಬರುವ ತನಕ ಆ ಸುದ್ದಿ ಏರಿಸುವುದಿಲ್ಲ.